ಮಷೀನ್ ತಗೊಂಡ್ರಿ, ಲಾರಿ ಬಾಡಿಗೆ, ಪಾಯ, ಫಿಟ್ಟರ್ ಖರ್ಚು ಯಾವ ಲೆಕ್ಕಕ್ಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ, ಅಂಕೋಲಾ, ಹೊನ್ನಾವರ ಕಡೆ ಗೇರುಬೀಜದ ಸಣ್ಣ ಫ್ಯಾಕ್ಟರಿ ನಡೆಸೋರು ಮಾರ್ಚ್ ಬಂತು ಅಂದ್ರೆ ಕೇಳೋ ಪ್ರಶ್ನೆಗಳಿವು. ಎಲ್ಲದಕ್ಕೂ ಒಂದೇ ಉದಾಹರಣೆ ಹಿಡ್ಕೊಂಡು ಹೇಳ್ತೀನಿ. ಕುಮಟಾ ಹತ್ರದ ಒಂದು ಫ್ಯಾಕ್ಟರಿಗೆ ಕೊಯಮತ್ತೂರಿಂದ ಹೊಸ ಸ್ಟೀಮ್ ಬಾಯ್ಲರ್, ಜೊತೆಗೆ ಬೀಜ ಬೇಯಿಸೋ ಕುಕ್ಕರ್ ಬಂತು ಅಂತ ಇಟ್ಕೊಳ್ಳಿ. ಮೊತ್ತ ಎಲ್ಲ ಲೆಕ್ಕ ಸುಲಭ ಆಗ್ಲಿ ಅಂತ ರೌಂಡ್ ಮಾಡಿದ್ದು, ಅದನ್ನೇ ಮಾರ್ಕೆಟ್ ರೇಟ್ ಅಂದ್ಕೋಬೇಡಿ.

ಮಷೀನಿನ ಬಿಲ್ ಮಾತ್ರ ಆಸ್ತಿ, ಉಳಿದದ್ದೆಲ್ಲ ಖರ್ಚು, ಅಲ್ವಾ?

ಅಲ್ಲ. ಎಲ್ಲಕ್ಕಿಂತ ಹೆಚ್ಚು ಎಡವೋದು ಇಲ್ಲೇ. ನಮ್ಮ ಲೆಕ್ಕಪತ್ರ ಮಾನದಂಡ ಎಎಸ್ 10 ಹೇಳೋದು ಏನಂದ್ರೆ, ಮಷೀನ್ ಅದು ಇರಬೇಕಾದ ಜಾಗಕ್ಕೆ ಬಂದು, ನೀವು ಯಾವ ಕೆಲಸಕ್ಕೆ ತಂದ್ರೋ ಆ ಕೆಲಸ ಮಾಡೋ ಸ್ಥಿತಿಗೆ ಬರೋವರೆಗೆ ನೇರವಾಗಿ ಅದಕ್ಕೇ ಆದ ಖರ್ಚು ಎಲ್ಲ ಮಷೀನಿನ ಬೆಲೆಗೇ ಸೇರ್ತದೆ. ಜಾಗ ಮತ್ತು ಸ್ಥಿತಿ, ಎರಡನ್ನೂ ನೋಡ್ಬೇಕು. ಕೊಯಮತ್ತೂರಿನ ಗೋಡೌನಲ್ಲಿ ಕೂತಿರೋ ಬಾಯ್ಲರಿಂದ ನಿಮ್ಮ ಬೀಜ ಬೇಯೋದಿಲ್ಲ, ಶೆಡ್ಡಿಗೆ ಬಂದು ಪೈಪ್ ಜೋಡಿಸ್ದೆ ಸುಮ್ನೆ ನಿಂತಿದ್ರೂ ಬೇಯೋದಿಲ್ಲ, ಹಾಗಾಗಿ ಅಲ್ಲಿಂದ ಇಲ್ಲಿವರೆಗಿನ ಲಾರಿ ಬಾಡಿಗೆ, ಕ್ರೇನು, ಪಾಯ, ಪೈಪು, ಫಿಟ್ಟರು ಎಲ್ಲ ಬಾಯ್ಲರಿನ ಬೆಲೆನೇ.

ಸಾಮಾನ್ಯವಾಗಿ ಏನಾಗ್ತದೆ ಅಂದ್ರೆ, ಟ್ಯಾಲಿಯಲ್ಲಿ ಎಂಟ್ರಿ ಹಾಕೋ ಹುಡುಗ ಬಿಲ್ಟಿ ನೋಡಿದ ಕೂಡ್ಲೇ ಸಾಗಾಟ ಖರ್ಚಿಗೆ ಹಾಕ್ತಾನೆ, ಕ್ರೇನ್ ಬಿಲ್ ಹಮಾಲಿಗೆ ಹೋಗ್ತದೆ, ಸಿಮೆಂಟು ಜಲ್ಲಿ ಬಿಲ್ ಕಟ್ಟಡ ರಿಪೇರಿಗೆ. ಬಿಲ್ ಒಂದೊಂದನ್ನೇ ನೋಡಿದ್ರೆ ತಪ್ಪು ಅನ್ಸೋದಿಲ್ಲ. ವರ್ಷದ ಕೊನೆಗೆ ಆಡಿಟರ್ ಕೇಳಿದಾಗ ಬಾಯ್ಲರಿನ ಖರ್ಚು ಐದಾರು ಲೆಡ್ಜರಲ್ಲಿ ಹರಡ್ಕೊಂಡಿರ್ತದೆ, ಹುಡುಕಿ ತೆಗೆಯೋದೇ ದೊಡ್ಡ ಕೆಲಸ.

ಹಾಗಾದ್ರೆ ಎಂಟ್ರಿ ಹಾಕೋದು ಹೇಗೆ?

ಆರ್ಡರ್ ಕೊಟ್ಟ ದಿನವೇ "ಬಾಯ್ಲರ್ – ಕೆಲಸ ನಡೀತಿದೆ" ಅಂತ ಒಂದು ಲೆಡ್ಜರ್ ಮಾಡಿ, ಸ್ಥಿರ ಆಸ್ತಿ ಗುಂಪಿನ ಕೆಳಗೆ. ಮಷೀನಿಗೆ ಸಂಬಂಧಪಟ್ಟ ಯಾವ ಬಿಲ್ ಬಂದ್ರೂ ಮೊದಲು ಅಲ್ಲಿಗೇ ಹಾಕಿ. ಅಡ್ವಾನ್ಸ್ ಕೊಟ್ಟದ್ದು ಮಾತ್ರ ಬೇರೆ, ಅದು ಸಪ್ಲಾಯರ್ ಹೆಸರಲ್ಲೇ ಇರ್ಲಿ. ಮಷೀನ್ ರೆಡಿ ಆದ ದಿನ ಆ ಲೆಡ್ಜರ್ ಕೂತ್ಕೊಂಡು ಓದಿ, ಸೇರಬಾರದ್ದನ್ನ ಖರ್ಚಿಗೆ ತೆಗೆದು, ಉಳಿದದ್ದನ್ನ ಒಂದೇ ಜರ್ನಲ್ ಎಂಟ್ರಿಯಲ್ಲಿ ಮಷೀನರಿ ಲೆಡ್ಜರಿಗೆ ಸಾಗಿಸಿ. ಒಂದೇ ಕಡೆ ಇರೋದ್ರಿಂದ ತೆಗೆದುಹಾಕೋದು ಸುಲಭ, ಚದುರಿಹೋದದ್ದನ್ನ ಒಟ್ಟು ಮಾಡೋದು ಕಷ್ಟ.

ನಮ್ಮ ಉದಾಹರಣೆಯಲ್ಲಿ ಕೊನೆಗೆ ಬಾಯ್ಲರಿನ ಬೆಲೆ ಎಷ್ಟಾಯ್ತು?

ಕೊಟೇಶನ್ ಬೆಲೆ 9,00,000, ಚೌಕಾಸಿ ಮಾಡಿ 50,000 ಬಿಡಿಸ್ಕೊಂಡ್ರು, ಹಾಗಾಗಿ 8,50,000ದಿಂದ ಶುರು ಮಾಡ್ಬೇಕು, ಒಂಬತ್ತು ಲಕ್ಷದಿಂದ ಅಲ್ಲ. ಇದರ ಮೇಲೆ 18% ಜಿಎಸ್‌ಟಿ 1,53,000, ಅದನ್ನ ಇನ್‌ಪುಟ್ ತಗೋತಾರೆ ಅಂತ ಬೆಲೆಗೆ ಸೇರಿಸಿಲ್ಲ, ಆ ವಿಷಯ ಕೆಳಗಿದೆ. ಉಳಿದದ್ದು ಹೀಗೆ:

- ಲಾರಿ ಬಾಡಿಗೆ 42,000, ದಾರಿ ವಿಮೆ 3,500
- ಇಳಿಸೋಕೆ ಕ್ರೇನ್ 9,000
- ಬಾಯ್ಲರ್ ಕೂರಿಸೋ ಕಾಂಕ್ರೀಟ್ ಪಾಯ 38,000
- ಸ್ಟೀಮ್ ಪೈಪ್, ವಾಲ್ವ್, ಮೇಲಿನ ಶಾಖ ತಡೆಯೋ ಸುತ್ತು 46,000
- ಕಂಪನಿ ಫಿಟ್ಟರುಗಳ ಫೀಸು, ಅವರ ಊಟ ವಸತಿ 24,000
- ಬಾಯ್ಲರ್ ನೋಂದಣಿ, ಮೊದಲ ತಪಾಸಣೆ 12,000
- ಟ್ರಯಲ್ ಖರ್ಚು, ಮಾರಿದ ತುಂಡು ಬೀಜದ ದುಡ್ಡು ಕಳೆದು 7,000

ಒಟ್ಟು 10,31,500. ಅಂದ್ರೆ ಬಿಲ್ಲಿಗಿಂತ 1,81,500 ಜಾಸ್ತಿ. ಇಷ್ಟು ದುಡ್ಡು ಖರ್ಚಲ್ಲಿ ಕೂತಿದ್ರೆ ಆ ವರ್ಷದ ಲಾಭ ಅಷ್ಟು ಕಡಿಮೆ ಕಾಣ್ತದೆ, ಬ್ಯಾಂಕಿನೋರಿಗೆ ಬ್ಯಾಲೆನ್ಸ್ ಶೀಟ್ ತೋರಿಸುವಾಗ ಆಸ್ತಿನೂ ಅಷ್ಟೇ ಕಡಿಮೆ ಕಾಣ್ತದೆ.

ಲಾರಿ ದಾರಿಯಲ್ಲಿ ನಿಂತು ಹೋಗಿ ವೇಟಿಂಗ್ ಚಾರ್ಜ್ ಹಾಕಿದ, ಅದೂ ಸೇರ್ತದಾ?

ಇದನ್ನ ಸ್ವಲ್ಪ ಬಿಡಿಸಿ ನೋಡ್ಬೇಕು. ಮಷೀನ್ ತರೋಕೆ ಸಾಮಾನ್ಯವಾಗಿ ಆಗೋ ಖರ್ಚು ಸೇರ್ತದೆ, ಅಸಾಮಾನ್ಯವಾಗಿ ಆದ ನಷ್ಟ ಸೇರೋದಿಲ್ಲ. ಟೋಲು, ಒಂದು ರಾತ್ರಿ ಚಾಲಕ ನಿದ್ದೆಗೆ ನಿಲ್ಲಿಸಿದ್ದು, ನಿಮ್ಮ ಓಣಿಗೆ ದೊಡ್ಡ ಲಾರಿ ಹೋಗೋದಿಲ್ಲ ಅಂತ ಮೊದ್ಲೇ ಗೊತ್ತಿದ್ದು ಹೆದ್ದಾರಿ ಬದಿಯಲ್ಲಿ ಸಣ್ಣ ಗಾಡಿಗೆ ಬದಲಿಸಿದ್ದು, ಇವೆಲ್ಲ ಸಹಜ ಸಾಗಾಟ. ಆದ್ರೆ 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯ್ತಲ್ಲ, ಅಂಥ ಹೊತ್ತಲ್ಲಿ ಲಾರಿ ದಿನಗಟ್ಟಲೆ ನಿಂತ್ರೆ ಅದರ ವೇಟಿಂಗ್ ಚಾರ್ಜಿಂದ ಬಾಯ್ಲರಿಗೆ ಏನೂ ಬೆಲೆ ಕೂಡೋದಿಲ್ಲ. ಅದು ಆ ವರ್ಷದ ಖರ್ಚು.

ನಮ್ಮ ಉದಾಹರಣೆಯಲ್ಲೂ ಒಂದಿದೆ. ಕ್ರೇನ್ ಕರೆಸಿದ ದಿನ ಪಾಯ ಇನ್ನೂ ಗಟ್ಟಿ ಆಗಿರ್ಲಿಲ್ಲ, ಇಳಿಸಿದ ಬಾಯ್ಲರನ್ನ ಅಂಗಳದಲ್ಲಿ ಇಟ್ಟು, ಆಮೇಲೆ ಎತ್ತಿ ಕೂರಿಸೋಕೆ ಎರಡನೇ ಸಲ ಕ್ರೇನ್ ತರಿಸಿದ್ರು, 6,000. ಮೊದಲ 9,000 ಬೆಲೆಗೆ, ಈ 6,000 ಖರ್ಚಿಗೆ. ಸರಿಯಾಗಿ ಪ್ಲಾನ್ ಮಾಡಿದ್ರೆ ಒಂದೇ ಕ್ರೇನಲ್ಲಿ ಮುಗೀತಿತ್ತು ಅಂತಾದ್ರೆ ಎರಡನೇದು ಪೋಲು. ಸಣ್ಣ ಮೊತ್ತ, ಇದಕ್ಕೆ ಯಾರೂ ಜಗಳಕ್ಕೆ ಬರೋದಿಲ್ಲ, ಆದ್ರೂ ತರ್ಕ ತಿಳ್ಕೊಂಡಿದ್ರೆ ದೊಡ್ಡ ಮೊತ್ತ ಬಂದಾಗ ಗೊಂದಲ ಆಗೋದಿಲ್ಲ.

ಪಾಯ ಸರಿ, ಶೆಡ್ಡಿನ ಮಾಡು ಎತ್ತರಿಸಿದ್ದು?

ಬಾಯ್ಲರಿಗೋಸ್ಕರ ಮಾತ್ರ ಮಾಡಿದ ಪಾಯ ಬಾಯ್ಲರಿನದ್ದು. ಚಿಮಣಿ ಹೊರಗೆ ಹೋಗ್ಲಿ ಅಂತ ಶೀಟಲ್ಲಿ ತೂತು ಮಾಡಿ ಸುತ್ತ ತಗಡು ಬಡಿದದ್ದೂ ಹಾಗೇ. ಆದ್ರೆ ಹೇಗೂ ಕೈ ಹಾಕಿದ್ದೀವಲ್ಲ ಅಂತ ಇಡೀ ಶೆಡ್ಡಿನ ಮಾಡು ಎರಡು ಅಡಿ ಎತ್ತರಿಸಿದ್ರೆ ಅದು ಕಟ್ಟಡದ ಆಸ್ತಿ, ಅದರ ಸವಕಳಿ ದರನೇ ಬೇರೆ. ಮಳೆಗೆ ಸೋರ್ತಿದ್ದ ಹಳೇ ಶೀಟ್ ಬದಲಿಸಿದ್ರೆ ಅದು ಬರೀ ರಿಪೇರಿ, ಖರ್ಚು. ಮೇಸ್ತ್ರಿ ಮೂರೂ ಕೆಲಸಕ್ಕೆ ಒಂದೇ ಚೀಟಿ ಕೊಡ್ತಾನೆ, ಅವನ ಎದುರಿಗೇ ಕೂತು ಮೂರು ಭಾಗ ಮಾಡಿಸಿ ಬರೆಸ್ಕೊಳ್ಳಿ, ಆರು ತಿಂಗಳ ಮೇಲೆ ಕೇಳಿದ್ರೆ ಅವನಿಗೂ ನೆನಪಿರೋದಿಲ್ಲ.

ಜಿಎಸ್‌ಟಿಗೂ ಇದೇ ವಿಂಗಡಣೆ ಬೇಕು. ಮಷೀನನ್ನ ನೆಲಕ್ಕೆ ಕೂರಿಸೋ ಪಾಯ ಮತ್ತು ಆಧಾರದ ಕಟ್ಟುಗಳಿಗೆ ಇನ್‌ಪುಟ್ ಸಿಗ್ತದೆ. ಕಟ್ಟಡದ ಕೆಲಸವನ್ನ ಆಸ್ತಿ ಅಂತ ತೋರಿಸಿದ್ರೆ ಅದರ ಇನ್‌ಪುಟ್ ಬ್ಲಾಕ್.

ಜಿಎಸ್‌ಟಿ 1,53,000 ಬೆಲೆಗೆ ಸೇರಿಸಿ ಸವಕಳಿ ತಗೊಂಡ್ರೆ ಒಳ್ಳೇದಾ, ಇನ್‌ಪುಟ್ ತಗೊಂಡ್ರೆ ಒಳ್ಳೇದಾ?

ರೆಗ್ಯುಲರ್ ಜಿಎಸ್‌ಟಿಯಲ್ಲಿದ್ರೆ ಇನ್‌ಪುಟ್ ತಗೊಳ್ಳಿ, ಯೋಚನೆನೇ ಬೇಡ. ಇನ್‌ಪುಟ್ ಅಂದ್ರೆ ಪೂರ್ತಿ ದುಡ್ಡು ತೆರಿಗೆ ಕಟ್ಟೋದ್ರಲ್ಲಿ ವಜಾ. ಸವಕಳಿ ಅಂದ್ರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ, ಅದೂ ಬರೀ ಆದಾಯದಿಂದ ಕಳೆಯೋದು. ಎರಡೂ ಒಟ್ಟಿಗೆ ಆಗೋದಿಲ್ಲ. ತೆರಿಗೆ ಭಾಗವನ್ನ ಬೆಲೆಗೆ ಸೇರಿಸಿ ಸವಕಳಿ ತಗೊಂಡ್ರೆ ಅದರ ಇನ್‌ಪುಟ್ ಸಿಗೋದಿಲ್ಲ ಅಂತ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ.

ಕಾಂಪೊಸಿಶನ್‌ನಲ್ಲಿ ಇದ್ರೆ ಇನ್‌ಪುಟ್ ಇಲ್ಲ, ಆಗ 1,53,000 ಪೂರ್ತಿ ಬಾಯ್ಲರಿನ ಬೆಲೆಗೆ ಸೇರ್ತದೆ. ವಾಪಸ್ ಬರೋ ತೆರಿಗೆ ಬೆಲೆ ಅಲ್ಲ, ವಾಪಸ್ ಬಾರದ ತೆರಿಗೆ ಬೆಲೆ, ಅಷ್ಟೇ.

ಟ್ರಯಲ್ ಮಾಡುವಾಗ ಹಾಳಾದ ಬೀಜ?

ಗೇರು ಫ್ಯಾಕ್ಟರಿಯೋರಿಗೆ ಇದು ಗೊತ್ತಿರೋದೇ. ಹೊಸ ಕುಕ್ಕರಲ್ಲಿ ಎಷ್ಟು ಒತ್ತಡಕ್ಕೆ ಎಷ್ಟು ಹೊತ್ತು ಬೇಯಿಸ್ಬೇಕು ಅಂತ ಹದ ಸಿಗೋವರೆಗೆ ಬೀಜ ಹಾಳಾಗೇ ಆಗ್ತದೆ. ಜಾಸ್ತಿ ಬೆಂದ್ರೆ ಒಳಗಿನ ಪಪ್ಪು ಬಣ್ಣ ಕೆಡ್ತದೆ, ಕಡಿಮೆ ಬೆಂದ್ರೆ ಸಿಪ್ಪೆ ಸರಿಯಾಗಿ ಒಡೆಯೋದಿಲ್ಲ, ಕಟಿಂಗಲ್ಲಿ ಪಪ್ಪು ತುಂಡಾಗ್ತದೆ. ಹದ ನೋಡೋಕೆ ಹಾಕಿದ ಕಚ್ಚಾ ಬೀಜ, ಸೌದೆ, ಆ ದಿನದ ಕೂಲಿ ಎಲ್ಲ ಪರೀಕ್ಷೆ ಖರ್ಚು, ಅದು ಮಷೀನಿನ ಬೆಲೆಗೆ ಸೇರ್ತದೆ. ಉದಾಹರಣೆಯಲ್ಲಿ ಅದು 18,000 ಆಯ್ತು. ಆ ಟ್ರಯಲಲ್ಲಿ ಸಿಕ್ಕ ತುಂಡು ಪಪ್ಪು ಮಾರಿ 11,000 ಬಂತು. ಎಎಸ್ 10 ಪ್ರಕಾರ ಬಂದ ದುಡ್ಡು ಕಳೆದು ಉಳಿದ 7,000 ಮಾತ್ರ ಸೇರಿಸ್ಬೇಕು. 18,000 ಆಸ್ತಿಗೆ ಹಾಕಿ 11,000 ಮಾರಾಟಕ್ಕೆ ಹಾಕೋರು ಬಹಳ ಜನ, ಹಾಗೆ ಮಾಡ್ಬೇಡಿ. ಟ್ರಯಲಲ್ಲಿ ಆದದ್ದೇ ಆದ್ರೂ ಮಾರಿದ ಬಿಲ್ಲಿಗೆ ಜಿಎಸ್‌ಟಿ ಮಾತ್ರ ಮಾಮೂಲಿನಂತೆ ತೋರಿಸ್ಬೇಕು, ಅದು ಬಿಡಂಗಿಲ್ಲ.

ಟ್ರಯಲ್‌ಗೆ ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಕೆಜಿ ಹಾಕಿದ್ದು, ಒತ್ತಡ, ಎಷ್ಟು ನಿಮಿಷ, ಎಷ್ಟು ತುಂಡಾಯ್ತು, ಫಿಟ್ಟರ್ ಸಹಿ. ಟ್ರಯಲ್ ಎಲ್ಲಿಗೆ ಮುಗೀತು ಅನ್ನೋದಕ್ಕೆ ಇದೇ ಸಾಕ್ಷಿ.

ಟ್ರಯಲ್ ಮುಗೀತು ಅಂತ ಹೇಳೋದು ಯಾವಾಗ?

ಮಷೀನ್ ನೀವು ಅಂದ್ಕೊಂಡ ಹಾಗೆ ಓಡೋ ಸ್ಥಿತಿಗೆ ಬಂದ ದಿನ. ಅಂದ್ರೆ ಪೂರ್ತಿ ಲೋಡಲ್ಲಿ ಲಾಭ ಕೊಡೋಕೆ ಶುರು ಆದ ದಿನ ಅಲ್ಲ. ಬಾಯ್ಲರಲ್ಲಿ ಒಂದು ಅನುಕೂಲ ಇದೆ. ತಪಾಸಣೆ ಆಗಿ, ನೀರು ತುಂಬಿ ಒತ್ತಡ ಕೊಡೋ ಹೈಡ್ರಾಲಿಕ್ ಟೆಸ್ಟ್ ಪಾಸ್ ಆಗಿ, ಓಡಿಸೋಕೆ ಅನುಮತಿ ಕಾಗದ ಕೈಗೆ ಬರ್ಬೇಕು, ಅದಿಲ್ದೆ ಬಾಯ್ಲರ್ ಓಡಿಸೋ ಹಾಗೇ ಇಲ್ಲ. ಆ ಕಾಗದ ಬಂದ ಮೇಲೆ ಬೇಯಿಸೋ ಹದವೂ ಸಿಕ್ಕಿದ ದಿನ ರೆಡಿ. ಇಲ್ಲಿ ಫೆಬ್ರವರಿ 20 ಅಂತ ಇಟ್ಕೊಳ್ಳೋಣ.

ಆಮೇಲೆ ಕಚ್ಚಾ ಬೀಜ ಬಂದಿಲ್ಲ ಅಂತ ಎರಡು ವಾರ ಮಷೀನ್ ಸುಮ್ನೆ ನಿಂತ್ರೆ ಆ ದಿನಗಳ ಕೂಲಿ, ಕರೆಂಟು ಖರ್ಚೇ, ಬಾಯ್ಲರಿಗೆ ಸೇರಿಸಂಗಿಲ್ಲ. ಮೊದಲ ತಿಂಗಳು ಅರ್ಧ ಲೋಡಲ್ಲಿ ಓಡಿ ನಷ್ಟ ಆದ್ರೂ ಅದೂ ಖರ್ಚೇ.

ಆಪರೇಟರ್ ಟ್ರೈನಿಂಗ್, ಪೂಜೆ, ಎಎಂಸಿ?

ಮೂರೂ ಖರ್ಚು. ಟ್ರೈನಿಂಗ್ ಕಲಿಸಿದ್ದು ಜನಕ್ಕೆ, ಮಷೀನಿಗೆ ಅಲ್ಲ. ಎಎಸ್ 10 ಇದನ್ನ ಬಾಯಿ ಬಿಟ್ಟೇ ಹೇಳ್ತದೆ, ಸಿಬ್ಬಂದಿ ತರಬೇತಿ ಸೇರಿಸಬಾರದು ಅಂತ. ಪೂಜೆ, ಗಣಹೋಮ, ಕರೆದೋರಿಗೆ ಊಟ, ಅದೆಲ್ಲ ಉದ್ಘಾಟನೆ ಖರ್ಚು. ಬಾಯ್ಲರ್ ಪೂಜೆ ಇಲ್ದೆ ಬೆಂಕಿ ಹಾಕೋದಿಲ್ಲ ನಮ್ಮಲ್ಲಿ, ಅದಕ್ಕೇ ಅದು ರೆಡಿ ಮಾಡೋ ಖರ್ಚಲ್ವಾ ಅಂತ ಒಬ್ರು ವಾದ ಮಾಡಿದ್ರು, ಆಡಿಟರ್ ನಕ್ಕು ಖರ್ಚಿಗೇ ಹಾಕಿದ್ರು.

ನೋಂದಣಿ ಮತ್ತು ಮೊದಲ ತಪಾಸಣೆ ಬೆಲೆಗೆ, ಆದ್ರೆ ಮುಂದೆ ಸರ್ಟಿಫಿಕೇಟ್ ನವೀಕರಣಕ್ಕೆ ಕಟ್ಟೋ ಫೀಸು ಆಯಾ ವರ್ಷದ ಖರ್ಚು. ಗೇಜ್ ಗ್ಲಾಸ್, ಗ್ಯಾಸ್ಕೆಟ್ ಅಂತ ಜೊತೆಗೆ ತಗೊಂಡ ಸಣ್ಣ ಸ್ಪೇರ್ ಸ್ಟಾಕಲ್ಲಿ ಇರ್ಲಿ, ಬಳಸಿದಾಗ ಖರ್ಚು.

ಸಮಸ್ಯೆ ಆಗೋದು ಸಪ್ಲಾಯರ್ ಎಲ್ಲ ಸೇರಿಸಿ ಒಂದೇ ಸಾಲಿನ ಬಿಲ್ ಕೊಟ್ಟಾಗ. "ಬಾಯ್ಲರ್, ಫಿಟ್ಟಿಂಗ್, ಟ್ರೈನಿಂಗ್, ಮೂರು ವರ್ಷ ಸರ್ವಿಸ್ ಸೇರಿ" ಅಂತ ಬರೆದ್ರೆ ಯಾವುದು ಎಷ್ಟು ಅಂತ ಗೊತ್ತಾಗೋದಿಲ್ಲ. ಆರ್ಡರ್ ಹಾಕುವಾಗ್ಲೇ ಸಾಲು ಸಾಲಾಗಿ ಬಿಡಿಸಿ ಬಿಲ್ ಕೇಳಿ. ಬಿಲ್ ಆದ ಮೇಲೆ ಬದಲಿಸಿ ಅಂದ್ರೆ ಯಾರೂ ಬದಲಿಸೋದಿಲ್ಲ.

ಸಾಲದ ಬಡ್ಡಿ?

ಇಲ್ಲಿ ಪುಸ್ತಕದ ಲೆಕ್ಕ ಬೇರೆ, ಆದಾಯ ತೆರಿಗೆ ಲೆಕ್ಕ ಬೇರೆ, ಗಮನ ಕೊಟ್ಟು ಓದಿ. ಬಾಯ್ಲರಿಗೆ ಬ್ಯಾಂಕಿಂದ 6,00,000 ಸಾಲ, 10% ಬಡ್ಡಿ, ಜನವರಿ 5ಕ್ಕೆ ಸಾಲ ಬಂತು, ಮಾರ್ಚ್ 5ಕ್ಕೆ ಮೊದಲ ಲಾಟ್ ಬೇಯಿಸಿದ್ರು. ಎರಡು ತಿಂಗಳ ಬಡ್ಡಿ ಸುಮಾರು 10,000.

ಪುಸ್ತಕದಲ್ಲಿ ಇದು ಖರ್ಚು. ರೆಡಿ ಆಗೋಕೆ ಬಹಳ ಕಾಲ, ಸಾಮಾನ್ಯವಾಗಿ 12 ತಿಂಗಳು ಹಿಡಿಯೋ ಆಸ್ತಿಗೆ ಮಾತ್ರ ಬಡ್ಡಿ ಸೇರಿಸೋದು, ರೆಡಿಮೇಡ್ ತಂದು ಕೂರಿಸೋ ಬಾಯ್ಲರಿಗೆ ಅಲ್ಲ. ಆದ್ರೆ ಆದಾಯ ತೆರಿಗೆಯಲ್ಲಿ ಆಸ್ತಿ ಕೊಳ್ಳೋಕೆ ತಗೊಂಡ ಸಾಲದ ಬಡ್ಡಿ, ಆ ಆಸ್ತಿಯನ್ನ ಮೊದಲ ಸಲ ಬಳಸೋವರೆಗಿನದ್ದು, ಖರ್ಚಾಗಿ ಬಿಡೋದಿಲ್ಲ, ಬೆಲೆಗೆ ಸೇರಿಸ್ಬೇಕು. ಹಾಗಾಗಿ ತೆರಿಗೆ ಲೆಕ್ಕದಲ್ಲಿ ಬಾಯ್ಲರ್ 10,41,500. ಮಾರ್ಚ್ 5ರ ನಂತರದ ಬಡ್ಡಿ ಎರಡೂ ಕಡೆ ಖರ್ಚು.

ಬಾಡಿಗೆ, ಫಿಟ್ಟರ್ ದುಡ್ಡು ನಗದು ಕೊಟ್ರೆ ಏನಾಗ್ತದೆ?

ದಯವಿಟ್ಟು ಕೊಡ್ಬೇಡಿ. ಆಸ್ತಿಗೆ ಸಂಬಂಧಪಟ್ಟ ಪಾವತಿ ಒಬ್ಬರಿಗೆ ಒಂದು ದಿನದಲ್ಲಿ 10,000 ದಾಟಿ ನಗದಲ್ಲಿ ಹೋದ್ರೆ, ಆ ಮೊತ್ತ ಆದಾಯ ತೆರಿಗೆಯ ದೃಷ್ಟಿಯಲ್ಲಿ ಬೆಲೆಯಲ್ಲಿ ಇಲ್ವೇ ಇಲ್ಲ. ಫಿಟ್ಟರಿಗೆ 24,000 ಒಟ್ಟಿಗೆ ನಗದು ಕೊಟ್ರೆ ಪೂರ್ತಿ 24,000ಕ್ಕೆ ಸವಕಳಿ ಸಿಗೋದಿಲ್ಲ, ಈ ವರ್ಷ ಮಾತ್ರ ಅಲ್ಲ, ಎಂದಿಗೂ. 10,000 ಬಿಟ್ಟು ಉಳಿದ 14,000 ಅಂತಲೂ ಅಲ್ಲ.

ಲಾರಿಯೋರ ವಿಷಯದಲ್ಲಿ ಒಂದು ಬಲೆ ಇದೆ. ಮಾಮೂಲಿ ಸಾಗಾಟ ಖರ್ಚಿಗೆ ಲಾರಿಯೋರಿಗೆ 35,000ದವರೆಗೆ ನಗದು ನಡೀತದೆ, ಅದೇ ಅಭ್ಯಾಸದಲ್ಲಿ ಬಾಯ್ಲರ್ ತಂದ ಲಾರಿಗೂ ನಗದು ಎಣಿಸಿ ಕೊಡ್ತಾರೆ. ಆದ್ರೆ ಈ ಬಾಡಿಗೆ ಮಷೀನಿನ ಬೆಲೆಗೆ ಸೇರೋದ್ರಿಂದ 10,000ದ ಮಿತಿನೇ ಲೆಕ್ಕಕ್ಕೆ ಬರ್ತದೆ. ಚಾಲಕ ಗೇಟಲ್ಲಿ ನಿಂತು ದುಡ್ಡು ಕೇಳಿದ್ರೂ ಟ್ರಾನ್ಸ್‌ಪೋರ್ಟ್ ಆಫೀಸಿನ ಖಾತೆಗೇ ಹಾಕಿ.

ಖರ್ಚಿಗೆ ಹಾಕಿಬಿಟ್ರೆ ಈ ವರ್ಷ ತೆರಿಗೆ ಉಳೀತದಲ್ಲ, ಯಾರು ನೋಡ್ತಾರೆ?

ನೋಡ್ತಾರೆ. ಬಾಯ್ಲರ್ ಬಿಲ್ಲಿನ ವಾರದಲ್ಲೇ ಸಾಗಾಟ ಖರ್ಚು ಇದ್ದಕ್ಕಿದ್ದ ಹಾಗೆ ಏರಿದ್ರೆ ಯಾವ ಆಡಿಟರ್ ಆದ್ರೂ ಮೊದಲು ಕೇಳೋದು ಅದನ್ನೇ. ಎಷ್ಟು ವ್ಯತ್ಯಾಸ ಅಂತ ನೋಡಿ. ಬಾಯ್ಲರಿನ ಸವಕಳಿ 15%, ಆದ್ರೆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ರೆ ಅರ್ಧ, ಅಂದ್ರೆ 7.5%. ಮಾರ್ಚ್ 5ಕ್ಕೆ ಶುರು ಮಾಡಿದ್ರಿಂದ ನಮಗೆ ಅರ್ಧವೇ. 42,000 ಬಾಡಿಗೆಯನ್ನ ಬೆಲೆಗೆ ಸೇರಿಸಿದ್ರೆ ಈ ವರ್ಷ ಕಳೆಯೋಕೆ ಸಿಗೋದು 3,150. ಖರ್ಚಿಗೆ ಹಾಕಿದ್ರೆ 42,000. ವ್ಯತ್ಯಾಸ 38,850, ಅದನ್ನ ಇಲಾಖೆ ವಾಪಸ್ ಸೇರಿಸಿದ್ರೆ ತೆರಿಗೆ ಜೊತೆ ಬಡ್ಡಿ, ದಂಡದ ಮಾತೂ ಬರಬಹುದು. ಉಳಿದ ಸವಕಳಿ ಮುಂದಿನ ವರ್ಷಗಳಲ್ಲಿ ಹೇಗೂ ಸಿಗ್ತದೆ.

ಪೂರ್ತಿ 10,41,500ಕ್ಕೆ ಮೊದಲ ವರ್ಷದ ಸವಕಳಿ ಸುಮಾರು 78,113. ಅಕ್ಟೋಬರ್ ಮೊದಲ ಎರಡು ದಿನದ ಒಳಗೇ ಬಳಕೆ ಶುರು ಆಗಿದ್ರೆ ಪೂರ್ತಿ 15% ಸಿಗ್ತಿತ್ತು. ಆದ್ರೆ ಗೇರು ಕೊಯ್ಲು ಶುರು ಆಗೋದು ಫೆಬ್ರವರಿ ಮಾರ್ಚಲ್ಲಿ, ತೆರಿಗೆಗೋಸ್ಕರ ಮಳೆಗಾಲದಲ್ಲಿ ಪಾಯ ಹಾಕೋಕೆ ಹೋಗೋದು ನನಗಂತೂ ಜಾಣತನ ಅನ್ಸೋದಿಲ್ಲ.

ಸಬ್ಸಿಡಿ ಬಂದ್ರೆ?

ಪಿಎಂಎಫ್‌ಎಂಇ ತರದ ಯೋಜನೆಯಲ್ಲಿ ಅರ್ಹ ವೆಚ್ಚದ 35%, ಗರಿಷ್ಠ 10 ಲಕ್ಷದವರೆಗೆ ಸಬ್ಸಿಡಿ ಇದ್ದದ್ದು ನಿಮಗೆ ಗೊತ್ತು. ಮಷೀನಿಗೆ ಅಂತ ಬಂದ ಸಬ್ಸಿಡಿಯನ್ನ ತೆರಿಗೆ ಲೆಕ್ಕದಲ್ಲಿ ಮಷೀನಿನ ಬೆಲೆಯಿಂದ ಕಳೀಬೇಕು, ಆದಾಯ ಅಂತ ತೋರಿಸೋದೂ ಅಲ್ಲ, ಮಾಲೀಕರ ಬಂಡವಾಳಕ್ಕೆ ಸೇರಿಸಿ ಸುಮ್ನಿರೋದೂ ಅಲ್ಲ.

ಹಳೇ ಬಾಯ್ಲರ್ ಕಿತ್ತು ಹಾಕಿದ ಕೂಲಿ ಹೊಸದಕ್ಕೆ ಸೇರಿಸಬಹುದಾ?

ಬೇಡ. ಗ್ಯಾಸ್ ಕಟಿಂಗ್ ಮಾಡಿ ಗುಜರಿಗೆ ಹಾಕಿದ್ದು ಹಳೇ ಆಸ್ತಿ ಮಾರಿದ ಖರ್ಚು, ಗುಜರಿಯಿಂದ ಬಂದ ದುಡ್ಡಲ್ಲಿ ಅದನ್ನ ಕಳೆದು ನೋಡಿ. ಹಳೇ ಪಾಯ ಒಡೆದು ಅದೇ ಜಾಗದಲ್ಲಿ ಹೊಸ ಪಾಯ ಹಾಕಿದ್ರೆ ಆ ಒಡೆದ ಕೂಲಿ ಹೊಸದರ ಜಾಗ ತಯಾರಿ ಅಂತ ಒಪ್ಪೋ ಆಡಿಟರ್ ಇದ್ದಾರೆ, ನಾನೂ ಒಪ್ತೀನಿ.

ಸೆಕೆಂಡ್ ಹ್ಯಾಂಡ್ ತಂದು ರಿಪೇರಿ ಮಾಡಿಸಿದ್ರೆ? ಆಮೇಲೆ ಬೇರೆ ಕಡೆ ಸಾಗಿಸಿದ್ರೆ?

ಅಂಕೋಲಾದಲ್ಲಿ ಮುಚ್ಚಿದ ಫ್ಯಾಕ್ಟರಿಯಿಂದ ಹಳೇ ಬಾಯ್ಲರ್ ತಂದು, ಟ್ಯೂಬ್ ಬದಲಿಸಿ, ಫೀಡ್ ಪಂಪ್ ಹಾಕಿ ಓಡೋ ಹಾಗೆ ಮಾಡಿದ್ರೆ ಆ ರಿಪೇರಿ ಪೂರ್ತಿ ಬೆಲೆಗೆ ಸೇರ್ತದೆ, ಯಾಕಂದ್ರೆ ಅದಿಲ್ದೆ ಅದು ನಿಮಗೆ ಕೆಲಸಕ್ಕೆ ಬರ್ತಿರ್ಲಿಲ್ಲ. ಅದೇ ಟ್ಯೂಬ್ ಎರಡು ವರ್ಷ ಓಡಿದ ಮೇಲೆ ತೂತಾಗಿ ಒಂದೆರಡು ಬದಲಿಸಿದ್ರೆ ಅದು ರಿಪೇರಿ ಖರ್ಚು.

ಓಡ್ತಾ ಇರೋ ಬಾಯ್ಲರನ್ನ ಕುಮಟಾ ಶೆಡ್ಡಿಂದ ಶಿರಸಿ ಕಡೆ ಹೊಸ ಶೆಡ್ಡಿಗೆ ಸಾಗಿಸಿದ್ರೆ, ದೇವಿಮನೆ ಘಟ್ಟ ಹತ್ತಿಸಿದ ಲಾರಿ ಬಾಡಿಗೆ, ಮತ್ತೆ ಕೂರಿಸಿದ ಫಿಟ್ಟರ್ ಕೂಲಿ, ಎಲ್ಲ ಖರ್ಚು. ಅದು ಆಗ್ಲೇ ಒಂದು ಸಲ ರೆಡಿ ಆಗಿದ್ದ ಮಷೀನು, ಜಾಗ ಬದಲಿಸಿದ್ದು ನಿಮ್ಮ ವ್ಯಾಪಾರದ ಅನುಕೂಲಕ್ಕೆ. ಕುಮಟಾದಲ್ಲಿ ಬಿಟ್ಟು ಬಂದ ಹಳೇ ಪಾಯದ 38,000 ಪುಸ್ತಕದಲ್ಲಿ ಇನ್ನೂ ಉಳ್ಕೊಂಡಿದ್ರೆ ಅದರಲ್ಲಿ ಸವಕಳಿ ಕಳೆದು ಉಳಿದದ್ದನ್ನ ತೆಗೆದುಹಾಕಿ, ಶಿರಸಿಯಲ್ಲಿ ಹಾಕಿದ ಹೊಸ ಪಾಯದ ಬಿಲ್ ಮಾತ್ರ ಆಡಿಟರಿಗೆ ಬೇರೆಯಾಗಿ ತೋರಿಸಿ, ಅದು ಹೊಸ ಆಸ್ತಿ.